ಪಿಜ್ಜಿಯ ಮೈಬಣ್ಣ ಒಂದಲ್ಲ, ನಾಲ್ಕು

ಪ್ರಶ್ನೆ: ನಮ್ಮ ಪಿಜ್ಜಿಯ ಒಂದೇ ಒಂದು ಫೋಟೋ ಉಂಟು. 1940ರ ಸುಮಾರಿಗೆ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿ ತೆಗೆದದ್ದಂತೆ. ಸ್ಕ್ಯಾನ್ ಮಾಡಿ ಜಿಂಪ್‌ನಲ್ಲಿ ಬಣ್ಣ ಹಾಕಿದೆ. ನನ್ನ ಸೆಲ್ಫಿಯಿಂದಲೇ ಮುಖದ ಬಣ್ಣ ಎತ್ತಿಕೊಂಡು ಪಿಜ್ಜಿಯ ಮುಖಕ್ಕೆ, ಕೈಗೆ ಬಳಿದೆ. ಸೀರೆ, ಕುರ್ಚಿ ಎಲ್ಲ ಚೆನ್ನಾಗಿ ಬಂತು. ಮುಖ ಮಾತ್ರ ಗಣಪತಿ ಮಾಡುವ ಆವೆಮಣ್ಣಿನ ಹಾಗೆ ಕಾಣುತ್ತದೆ. ದೊಡ್ಡಮ್ಮ ನೋಡಿ "ಇದು ನಮ್ಮ ಅಜ್ಜಿ ಅಲ್ಲ" ಅಂದುಬಿಟ್ಟರು. ಸರಿಯಾದ ಮೈಬಣ್ಣ ಯಾವುದು, ಹೇಗೆ ಹಾಕುವುದು? ಸ್ಕ್ಯಾನ್ ಕಳಿಸಿದ್ದೇನೆ.
— ಒಬ್ಬ ಓದುಗರು, ಕಟಪಾಡಿ

ಉತ್ತರ:

ನಿಮ್ಮ ಸ್ಕ್ಯಾನ್ ನೋಡಿದೆ. ಕೆಲಸ ಕೆಟ್ಟದ್ದೇನೂ ಅಲ್ಲ, ಅಂಚುಗಳನ್ನು ತಾಳ್ಮೆಯಿಂದ ಬಿಡಿಸಿದ್ದೀರಿ. ತಪ್ಪಾದದ್ದು ಒಂದೇ ಕಡೆ. ನೀವು "ಮೈಬಣ್ಣ" ಎಂಬ ಒಂದು ಬಣ್ಣವನ್ನು ಹುಡುಕಿದಿರಿ. ಹಾಗೆ ಒಂದು ಬಣ್ಣ ಯಾರ ಮುಖದಲ್ಲೂ ಇರುವುದಿಲ್ಲ.

ಬೆಳಿಗ್ಗೆ ಒಂಬತ್ತು ಗಂಟೆಗೆ ಮನೆಯಲ್ಲಿ ಯಾರನ್ನಾದರೂ ಜಗಲಿಯ ಅಂಚಿನಲ್ಲಿ ಕೂರಿಸಿ ನೋಡಿ. ಹಣೆ ಮತ್ತು ಮೂಗಿನ ಮೇಲೆ ಮಿನುಗುವ ಜಾಗ ಉಂಟಲ್ಲ, ಅದು ಕಂದು ಅಲ್ಲವೇ ಅಲ್ಲ. ಹೆಚ್ಚುಕಡಿಮೆ ಬಿಳಿ, ಸ್ವಲ್ಪ ಆಕಾಶದ ಛಾಯೆ. ಚರ್ಮದ ಮೇಲಿನ ಎಣ್ಣೆಪಸೆ ಬೆಳಕನ್ನು ಹಾಗೆಯೇ ತಿರುಗಿಸಿ ಕಳಿಸುತ್ತದೆ. ಆ ಬೆಳಕು ಚರ್ಮದ ಒಳಗೆ ಹೋಗಿಯೇ ಇಲ್ಲ, ಹಾಗಾಗಿ ಚರ್ಮದ ಬಣ್ಣ ಅದಕ್ಕೆ ಅಂಟಿಲ್ಲ. ತೆಂಗಿನೆಣ್ಣೆ ಹಚ್ಚುವ ನಮ್ಮ ಕಡೆಯ ಹಳೆಯ ಫೋಟೋಗಳಲ್ಲಿ ಈ ಮಿನುಗು ಇನ್ನೂ ಜಾಸ್ತಿ. ಕೆನ್ನೆಯ ಮಧ್ಯದಲ್ಲಿ ಬೆಳಕು ಒಳಗೆ ಇಳಿದು, ಮೆಲನಿನ್‌ನ ಕಂದು ಮತ್ತು ರಕ್ತದ ಕೆಂಪನ್ನು ಹೊತ್ತು ಹೊರಗೆ ಬರುತ್ತದೆ. ದವಡೆಯ ಕೆಳಗಿನ ನೆರಳಿಗೆ ಬನ್ನಿ. ಅಲ್ಲಿ ಬಣ್ಣ ಇನ್ನೂ ಗಾಢ, ಇನ್ನೂ ಕೆಂಪಿನ ಕಡೆಗೆ. ಅಂದರೆ ಬೆಳಕು ಕಡಿಮೆಯಾದ ಹಾಗೆ ಬಣ್ಣ ಕೆಂಪಾಗುತ್ತಾ, ಗಾಢವಾಗುತ್ತಾ ಹೋಗುತ್ತದೆ. ಬೆಳಕು ಜಾಸ್ತಿಯಾದ ಹಾಗೆ ಹಳದಿಯ ಕಡೆ ಸರಿದು ಕೊನೆಗೆ ಬಣ್ಣವೇ ಕಳಚಿಹೋಗುತ್ತದೆ.

ನೀವು ಸೆಲ್ಫಿಯಿಂದ ಎತ್ತಿದ್ದು ಕೆನ್ನೆಯ ಒಂದು ಚುಕ್ಕೆ. ಅದನ್ನೇ ಮಿನುಗಿಗೂ ಬಳಿದಿರಿ, ನೆರಳಿಗೂ ಬಳಿದಿರಿ. ಮಿನುಗುವ ಜಾಗ ಕಂದಾದ ಕೂಡಲೇ ಚರ್ಮ ಹೋಗಿ ಮಣ್ಣು ಬಂತು. ದೊಡ್ಡಮ್ಮನಿಗೆ ಕಾರಣ ಹೇಳಲಿಕ್ಕೆ ಬರಲಿಲ್ಲ, ಆದರೆ ಅವರ ಕಣ್ಣು ಸರಿಯಾಗಿಯೇ ಹಿಡಿದಿದೆ. ಇನ್ನೊಂದು ವಿಷಯ. ಮೊಬೈಲಿನ ಸೆಲ್ಫಿ ಮುಖವನ್ನು ತಾನಾಗಿಯೇ ನುಣುಪು ಮಾಡುತ್ತದೆ, ಬೆಳ್ಳಗೂ ಮಾಡುತ್ತದೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದಾದರೆ ಮುಗಿಯಿತು.

ಬಣ್ಣಕ್ಕೆ ಹೋಗುವ ಮೊದಲು ಕಪ್ಪುಬಿಳುಪನ್ನೇ ಸ್ವಲ್ಪ ಸರಿ ಮಾಡಬೇಕು. ನಿಮ್ಮ ಫೋಟೋದಲ್ಲಿ ಪಿಜ್ಜಿಯ ಕುಂಕುಮ ಹೇಗೆ ಕಾಣುತ್ತದೆ ಎಂದು ಒಮ್ಮೆ ನೋಡಿ. ಅಚ್ಚ ಕಪ್ಪು, ಕರಿಮಣಿಯಷ್ಟೇ ಕಪ್ಪು. ತುಟಿಯೂ ಬಹಳ ಕಪ್ಪು. ಹಿಂದೆ ತೆಂಗಿನ ಮರಗಳ ಆಚೆ ಆಕಾಶ ಬರೀ ಬಿಳಿ ಕಾಗದ. ಈ ಮೂರೂ ಒಟ್ಟಿಗೆ ಬಂದರೆ ಆ ಫೋಟೋ ಆರ್ಥೋಕ್ರೊಮ್ಯಾಟಿಕ್ ಪ್ಲೇಟ್ ಅಥವಾ ಫಿಲ್ಮಿನದ್ದು ಎನ್ನಬಹುದು. ಅದಕ್ಕೆ ನೀಲಿ, ಹಸಿರು ಕಾಣುತ್ತದೆ, ಕೆಂಪು ಕಾಣುವುದೇ ಇಲ್ಲ. ಎಲ್ಲ ಬಣ್ಣ ಕಾಣುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟ್ 1906ರಲ್ಲೇ ಮಾರಾಟಕ್ಕೆ ಬಂದಿತ್ತು. ಆದರೂ ಆರ್ಥೋ ಬಹಳ ಕಾಲ ಉಳಿಯಿತು. ಕೆಂಪು ದೀಪದ ಬೆಳಕಲ್ಲಿ ಕಣ್ಣಾರೆ ನೋಡುತ್ತಾ ಅದನ್ನು ತೊಳೆಯಬಹುದಿತ್ತು. ಪ್ಯಾಂಕ್ರೊಮ್ಯಾಟಿಕ್‌ಗೆ ಪೂರ್ತಿ ಕತ್ತಲೆಯೇ ಬೇಕು.

ಇದರಿಂದ ನಮಗೇನು? ನಮ್ಮ ಚರ್ಮದಲ್ಲಿ ಕೆಂಪಿನ ಪಾಲು ದೊಡ್ಡದು. ಆರ್ಥೋ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಪಿಜ್ಜಿ ಇದ್ದದ್ದಕ್ಕಿಂತ ಕಪ್ಪಗೆ ಬಂದಿದ್ದಾರೆ. ಅವರ ತಲೆಯಲ್ಲಿ ಮಲ್ಲಿಗೆಯ ಜೊತೆ ಒಂದು ಕಪ್ಪು ಮಾಲೆ ಕಾಣುತ್ತದೆ, ನೀವು ಅದನ್ನು ನೇರಳೆ ಮಾಡಿದ್ದೀರಿ. ನನ್ನ ಅಂದಾಜಿನಲ್ಲಿ ಅದು ಅಬ್ಬಲಿಗೆ. ಕಿತ್ತಳೆ ಬಣ್ಣ ಆರ್ಥೋದಲ್ಲಿ ಹೀಗೆಯೇ ಕಪ್ಪಾಗುತ್ತದೆ. ನೀಲಿ ಸೀರೆ ಇದಕ್ಕೆ ತಿರುಗಾಮುರುಗಾ, ಬಹುತೇಕ ಬಿಳಿಯಾಗಿಯೇ ಬರಬಹುದು. ಹಳೆ ಫೋಟೋದಲ್ಲಿ ಬಿಳಿ ಸೀರೆ ಕಂಡ ಕೂಡಲೇ ವಿಧವೆ ಎಂದು ತೀರ್ಮಾನ ಮಾಡುವವರು ಸ್ವಲ್ಪ ತಡೆಯಬೇಕು.

ಸ್ಟುಡಿಯೋದಲ್ಲಿ ತೆಗೆದ ಫೋಟೋ ಆಗಿದ್ದರೆ ಇದಕ್ಕೆ ವಿರುದ್ಧದ ತೊಂದರೆಯೂ ಇರುತ್ತಿತ್ತು. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ತಿದ್ದಿ ಮುಖವನ್ನು ಬೆಳ್ಳಗೆ ಮಾಡುವುದು ಆಗ ಮಾಮೂಲು ಕೆಲಸ. ಮುಖ ಬೆಳ್ಳಗಿದ್ದು ಕೈ, ಕುತ್ತಿಗೆ ತೀರಾ ಕಪ್ಪಗಿದ್ದರೆ ಅದು ಪೆನ್ಸಿಲ್ ಅಥವಾ ಪೌಡರ್. ಆಗ ಕೈಯನ್ನು ನಂಬಬೇಕು, ಮುಖವನ್ನಲ್ಲ. ನಿಮ್ಮ ಫೋಟೋದಲ್ಲಿ ಮುಖಕ್ಕೂ ಕೈಗೂ ಅಂಥ ವ್ಯತ್ಯಾಸ ಇಲ್ಲ. ಅಂಗಳದ ಫೋಟೋ, ತಿದ್ದಿದ ಹಾಗಿಲ್ಲ.

ಹಾಗಾದರೆ ಎಷ್ಟು ಬೆಳ್ಳಗೆ ಮಾಡಬೇಕು? ಇದನ್ನು ಊಹೆಗೆ ಬಿಡಬೇಡಿ. ಮನೆಯಲ್ಲಿ ಕೇಳಿ, ಆದರೆ "ಪಿಜ್ಜಿಯ ಬಣ್ಣ ಯಾವುದು?" ಎಂದು ಕೇಳಬೇಡಿ. ಹಾಗೆ ಕೇಳಿದರೆ "ಒಳ್ಳೆ ಬಿಳಿ ಇದ್ದರು" ಎಂಬ ಉತ್ತರವೇ ಬರುವುದು. ತೀರಿಹೋದ ಅಜ್ಜಿಯರೆಲ್ಲ ವರ್ಷ ಕಳೆದ ಹಾಗೆ ಬಿಳಿಯಾಗುತ್ತಾ ಹೋಗುತ್ತಾರೆ! "ಈಗ ಇರುವವರಲ್ಲಿ ಯಾರ ಬಣ್ಣ ಪಿಜ್ಜಿಗೆ ಹತ್ತಿರ?" ಎಂದು ಕೇಳಿ. ಇಬ್ಬರು ಮೂವರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ. ಒಂದೇ ಹೆಸರು ಎರಡು ಸಲ ಬಂದರೆ ಅವರೇ ನಿಮ್ಮ ಮಾದರಿ.

ಆ ಹೆಸರು ದೊಡ್ಡಮ್ಮನದ್ದೇ ಎಂದು ಇಟ್ಟುಕೊಳ್ಳುವ. ಅವರನ್ನು ಅಂಗಳದಲ್ಲಿ, ಬಿಸಿಲು ಬೀಳದ, ಆದರೆ ಆಕಾಶ ಕಾಣುವ ಜಾಗದಲ್ಲಿ ಕೂರಿಸಿ. ಹೆಗಲ ಮೇಲೆ ಒಂದು ಬಿಳಿ ಬೈರಾಸು ಹಾಕಿ. ಮೊಬೈಲಿನ ಹಿಂದಿನ ಕ್ಯಾಮೆರಾದಲ್ಲಿ, ಬ್ಯೂಟಿ ಮೋಡ್ ತೆಗೆದು, ನಾಲ್ಕು ಫೋಟೋ ತೆಗೆಯಿರಿ. ಪೌಡರ್ ಬೇಡ ಎಂದು ಮೊದಲೇ ಹೇಳಿ. ಫೋಟೋ ಎಂದರೆ ಅವರು ಹಾಕಿಯೇ ಬರುತ್ತಾರೆ.

ಜಿಂಪ್‌ನಲ್ಲಿ ಆ ಫೋಟೋ ತೆರೆದು ಮೊದಲು ಬೈರಾಸು ನಿಜವಾಗಿ ಬಿಳಿಯಾಗುವಂತೆ ಮಾಡಿ. `Colors > Levels` ಒಳಗೆ ಬಿಳಿಯ ಡ್ರಾಪರ್ ಉಂಟು, ಅದರಿಂದ ಬೈರಾಸಿನ ಮೇಲೆ ಒಂದು ಸಲ ಒತ್ತಿದರೆ ಆಯಿತು. ಆಮೇಲೆ ಇದೇ ಫೋಟೋದ ಒಂದು ಕಪ್ಪುಬಿಳುಪು ಪ್ರತಿ ಮಾಡಿ ಕೆನ್ನೆಯ ಬೂದು ಎಷ್ಟು ಎಂದು ಅಳೆಯಿರಿ. ಕಲರ್ ಪಿಕ್ಕರ್‌ನಲ್ಲಿ ಒಂದೇ ಪಿಕ್ಸೆಲ್ ಬೇಡ, ಹತ್ತು ಪಿಕ್ಸೆಲ್‌ನಷ್ಟು ಜಾಗದ ಸರಾಸರಿ ತೆಗೆದುಕೊಳ್ಳಿ. ಸೊನ್ನೆ ಎಂದರೆ ಕಪ್ಪು, 255 ಎಂದರೆ ಬಿಳಿ. ದೊಡ್ಡಮ್ಮನ ಕೆನ್ನೆ 120 ಬಂತು ಎನ್ನಿ. ನಿಮ್ಮ ಸ್ಕ್ಯಾನಿನಲ್ಲಿ ಪಿಜ್ಜಿಯ ಕೆನ್ನೆಯನ್ನು ನಾನು ಅಳೆದಾಗ 96 ಬಂತು. ಮಲ್ಲಿಗೆ ಚೆನ್ನಾಗಿ ಬೆಳ್ಳಗೇ ಇದೆ, ಹಾಗಾಗಿ ಇಡೀ ಫೋಟೋ ಕಪ್ಪಾದದ್ದಲ್ಲ, ಚರ್ಮ ಮಾತ್ರ ಇಳಿದಿದೆ. ಚರ್ಮಕ್ಕೆ ಮಾತ್ರ ಮಾಸ್ಕ್ ಹಾಕಿ, `Curves` ಹಿಡಿದು 96 ಇದ್ದದ್ದನ್ನು 112ರ ಆಸುಪಾಸಿಗೆ ತನ್ನಿ. ಪೂರ್ತಿ 120ಕ್ಕೆ ಬೇಡ. ಆ ಕಾಲದ ಗೃಹಿಣಿ ಗದ್ದೆ, ತೋಟ ಎಂದು ಬಿಸಿಲಲ್ಲಿ ಇದ್ದವರು, ಸ್ವಲ್ಪ ಬಾಕಿ ಇರಲಿ. ತುಟಿಯನ್ನೂ ಇದೇ ಹೊತ್ತಿಗೆ ಇನ್ನೂ ಸ್ವಲ್ಪ ಹೆಚ್ಚು ಎತ್ತಿ. ಇಲ್ಲದಿದ್ದರೆ ಮುಂದೆ ಎಷ್ಟು ಕೆಂಪು ಹಾಕಿದರೂ ಅದು ಒಣಗಿದ ರಕ್ತದ ಹಾಗೆ ಕಾಣುತ್ತದೆ.

ನಿಮ್ಮ ಪ್ರಿಂಟ್ ಹಳದಿಯಾಗಿದೆ, ಅದಕ್ಕೂ ಒಂದು ಸುಲಭದ ದಾರಿ ಉಂಟು. ಬಣ್ಣದಲ್ಲೇ ಸ್ಕ್ಯಾನ್ ಮಾಡಿ, 600 ಡಿಪಿಐ ಸಾಕು. `Colors > Components > Decompose` ಮಾಡಿ ಕೆಂಪಿನ ಪದರವನ್ನು ಮಾತ್ರ ಇಟ್ಟುಕೊಳ್ಳಿ. ಹಳದಿ ಕಲೆಗಳು ನೀಲಿ ಪದರದಲ್ಲಿ ಕಪ್ಪಾಗಿ ಕೂತಿರುತ್ತವೆ, ಕೆಂಪಿನ ಪದರದಲ್ಲಿ ಹೆಚ್ಚುಕಡಿಮೆ ಮಾಯ. ಫೋಟೋ ಫ್ರೇಮಿನ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ನಮ್ಮ ಮಳೆಗಾಲ ಎಷ್ಟು ಫೋಟೋಗಳನ್ನು ಗಾಜಿಗೆ ಅಂಟಿಸಿದೆಯೋ ಲೆಕ್ಕ ಇಲ್ಲ.

ಈಗ ಬಣ್ಣ. ದೊಡ್ಡಮ್ಮನ ಫೋಟೋದಿಂದ ಒಂದಲ್ಲ, ನಾಲ್ಕು ಬಣ್ಣ ಎತ್ತಿಕೊಳ್ಳಿ: ದವಡೆಯ ಕೆಳಗಿನ ನೆರಳು, ಕೆನ್ನೆ, ಹಣೆಯ ಬೆಳಕಿನ ಭಾಗ, ಮೂಗಿನ ಮಿನುಗು. ಈ ನಾಲ್ಕನ್ನೂ ಅವುಗಳ ಬೆಳಕಿನ ಪ್ರಕಾರ ಒಂದು ಗ್ರೇಡಿಯಂಟ್‌ನಲ್ಲಿ ಕೂರಿಸಬೇಕು. ಗೋಧಿಗಿಂತ ಒಂದು ಹಿಡಿ ಗಾಢವಾದ, ನಮ್ಮ ಕಡೆ ಸಾಮಾನ್ಯವಾದ ಮೈಬಣ್ಣಕ್ಕೆ ನಾನು ಇಟ್ಟುಕೊಂಡಿರುವ ಗ್ರೇಡಿಯಂಟ್ ಇದು. ಎಡಗಡೆ ಇರುವುದು ಕಪ್ಪಿನಿಂದ ಬಿಳಿಯ ಕಡೆಗೆ ಎಷ್ಟು ದೂರದಲ್ಲಿ ಕೂರಿಸಬೇಕು ಎಂಬುದು:

```
15%  #3C2016
44%  #966448
67%  #CDA080
88%  #F0DCCD
```

ಎರಡು ತುದಿಗೆ ಕಪ್ಪು, ಬಿಳಿ. ದೊಡ್ಡಮ್ಮನ ಬಣ್ಣ ಸಿಕ್ಕಿದರೆ ನನ್ನದನ್ನು ಬಿಟ್ಟು ಅದನ್ನೇ ಹಾಕಿ. ಆದರೆ ಈ ಸಾಲಿನ ಸ್ವಭಾವ ನೋಡಿಟ್ಟುಕೊಳ್ಳಿ. ನೆರಳಿನಿಂದ ಮಿನುಗಿನ ಕಡೆಗೆ ಬಣ್ಣದ ಜಾತಿ ಬಹಳ ಬದಲಾಗುವುದಿಲ್ಲ. ಬಣ್ಣದ ಚಕ್ರದಲ್ಲಿ 16 ಡಿಗ್ರಿಯಿಂದ 26 ಡಿಗ್ರಿಯವರೆಗೆ, ಅಷ್ಟೇ. ಬದಲಾಗುವುದು ಗಾಢತೆ, ಅಂದರೆ ಬಣ್ಣ ಎಷ್ಟು ತುಂಬಿದೆ ಎಂಬುದು. ನೆರಳಲ್ಲಿ ನೂರಕ್ಕೆ 63 ಇದ್ದದ್ದು ಮಿನುಗಿನಲ್ಲಿ 15ಕ್ಕೆ ಇಳಿದಿದೆ. ಕಪ್ಪಗಿನವರಾಗಲಿ ಬೆಳ್ಳಗಿನವರಾಗಲಿ, ಮನುಷ್ಯರ ಚರ್ಮ ಬಣ್ಣದ ಚಕ್ರದಲ್ಲಿ ಇದೇ ಸಣ್ಣ ತುಂಡಿನ ಸುತ್ತಮುತ್ತ ಇರುತ್ತದೆ. ನಮ್ಮ ನಮ್ಮಲ್ಲಿ ವ್ಯತ್ಯಾಸ ಇರುವುದು ಹೆಚ್ಚಾಗಿ ಬೆಳಕು ಮತ್ತು ಗಾಢತೆಯಲ್ಲಿ.

ಫೋಟೋವನ್ನು `Image > Mode > RGB` ಮಾಡಿಕೊಳ್ಳಿ. ಲೇಯರಿನ ಒಂದು ಪ್ರತಿ ತೆಗೆದು, ಈ ಗ್ರೇಡಿಯಂಟ್ ಆಯ್ದು, `Colors > Map > Gradient Map` ಒತ್ತಿ. ಇಡೀ ಫೋಟೋ ಕಂದಾಗುತ್ತದೆ, ಗಾಬರಿ ಬೇಡ. ಆ ಲೇಯರಿನ ಮೋಡ್ ಅನ್ನು `LCh Color` ಮಾಡಿ. ಈಗ ಬೆಳಕು ನೆರಳು ಕೆಳಗಿನ ಫೋಟೋದ್ದು, ಬಣ್ಣ ಮಾತ್ರ ಇದರದ್ದು. ಕಪ್ಪು ಮಾಸ್ಕ್ ಹಾಕಿ, ಚರ್ಮ ಇದ್ದಲ್ಲಿ ಮಾತ್ರ ಬಿಳಿ ಬ್ರಷ್‌ನಿಂದ ತೆರೆಯಿರಿ.

ಮಾಸ್ಕಿನ ಅಂಚಿನಲ್ಲಿ ಒಂದು ಜಾಗ ಎಲ್ಲರಿಗೂ ಕೈಕೊಡುತ್ತದೆ: ಹಣೆಯ ಮೇಲೆ ಕೂದಲು ಶುರುವಾಗುವ ಗೆರೆ. ಅಲ್ಲಿ ಬ್ರಷ್ ಅನ್ನು ಗೆರೆಗೆ ಸರಿಯಾಗಿ ನಿಲ್ಲಿಸಿದರೆ ಚರ್ಮಕ್ಕೂ ಕೂದಲಿಗೂ ನಡುವೆ ಒಂದು ಬೂದು ದಾರ ಉಳಿಯುತ್ತದೆ. ನಿಮ್ಮ ಫೋಟೋದಲ್ಲೂ ಉಳಿದಿದೆ, ಬೈತಲೆಯ ಎರಡೂ ಕಡೆ ದೊಡ್ಡದು ಮಾಡಿ ನೋಡಿ. ಮೆತ್ತನೆಯ ಬ್ರಷ್‌ನಲ್ಲಿ ಚರ್ಮದ ಬಣ್ಣವನ್ನು ಕೂದಲಿನ ಬುಡಕ್ಕೆ ಮೂರು ನಾಲ್ಕು ಪಿಕ್ಸೆಲ್ ನುಗ್ಗಲು ಬಿಡಿ. ಬೈತಲೆಯ ಒಳಗೂ ಚರ್ಮವೇ ಇರುವುದು, ಅದನ್ನು ಬೂದು ಬಿಡಬೇಡಿ. ಕರಿಮಣಿಯ ಎರಡು ಎಳೆಯ ನಡುವೆಯೂ ಹಾಗೆಯೇ.

ಇಷ್ಟಕ್ಕೇ ಮಣ್ಣು ಹೋಗಿ ಚರ್ಮ ಬಂದಿರುತ್ತದೆ. ಆದರೂ ಏನೋ ಒಂದು ಕೊರತೆ ಕಾಣುತ್ತದೆ. ಮೇಣದ ಗೊಂಬೆಯ ಹಾಗೆ, ಎಲ್ಲ ಕಡೆ ಒಂದೇ ಅಚ್ಚು. ಮುಖದಲ್ಲಿ ರಕ್ತ ಎಲ್ಲ ಕಡೆ ಸಮಾನವಾಗಿ ಹರಿಯುವುದಿಲ್ಲ, ಅದಕ್ಕೆ. ಅದರ ಮೇಲೆ ಇನ್ನೊಂದು ಖಾಲಿ ಲೇಯರ್, ಮೋಡ್ `LCh Color`. ದೊಡ್ಡ ಮೆತ್ತನೆಯ ಬ್ರಷ್, ಅಪಾಸಿಟಿ ಹತ್ತರಿಂದ ಹದಿನೈದು. ಕೆಂಪುಮಿಶ್ರಿತ ಕಂದು ಹಿಡಿದು ಕೆನ್ನೆ, ಮೂಗಿನ ತುದಿ, ಕಿವಿಯ ಹಾಲೆ, ಇಷ್ಟಕ್ಕೆ ತಾಗಿಸಿ. ಕಿವಿ ತೆಳ್ಳಗೆ, ಬೆಳಕು ಅದರ ಮೂಲಕ ಹಾದು ಬರುತ್ತದೆ, ಹಾಗಾಗಿ ಬೆಂಡೋಲೆಯ ಸುತ್ತ ಸ್ವಲ್ಪ ಜಾಸ್ತಿಯೇ ಕೆಂಪು ತಡೆಯುತ್ತದೆ. ಹಣೆಗೆ ತೀರಾ ಸ್ವಲ್ಪ ಹಳದಿ. ಕಣ್ಣಿನ ಕೆಳಗೆ ಕೆಂಪು ಬೇಡ, ಬಣ್ಣ ಸ್ವಲ್ಪ ತೆಗೆದು ಬೂದುಗಂದು ಮಾಡಿ. ಗೆಣ್ಣುಗಳು ಉಳಿದ ಕೈಗಿಂತ ಗಾಢ, ಅಂಗೈ ಕಂಡರೆ ಅದು ತಿಳಿಗೆಂಪು. ಪಿಜ್ಜಿಯ ಬಲಗೈ ಮಡಿಲಲ್ಲಿ ಅರ್ಧ ಮಗುಚಿದೆ. ಆ ಕೈಯಲ್ಲಿ ಮೇಲುಗಡೆಗೂ ಒಳಗಡೆಗೂ ಬಣ್ಣ ಬೇರೆ ಮಾಡಿ ನೋಡಿ. ಇಡೀ ಫೋಟೋ ನಂಬುವ ಹಾಗೆ ಆಗುವುದು ನನ್ನ ಮಟ್ಟಿಗೆ ಅಲ್ಲೇ.

ತುಟಿಗೆ ನೀವು ಲಿಪ್‌ಸ್ಟಿಕ್ ಕೆಂಪು ಹಾಕಿದ್ದೀರಿ. ಮೈಬಣ್ಣವನ್ನೇ ಕೆಂಪಿನ ಕಡೆಗೆ ಸ್ವಲ್ಪ ಸರಿಸಿದರೆ ತುಟಿ ಆಗುತ್ತದೆ, ಚಕ್ರದಲ್ಲಿ ಹತ್ತು ಡಿಗ್ರಿಯ ಆಸುಪಾಸು ಸಾಕು. ಮೇಲ್ತುಟಿ ಕಂದು, ಕೆಳತುಟಿ ಸ್ವಲ್ಪ ಗುಲಾಬಿ. ಪಿಜ್ಜಿ ಎಲೆಅಡಿಕೆ ಹಾಕುತ್ತಿದ್ದರೋ ಎಂದು ದೊಡ್ಡಮ್ಮನಲ್ಲಿ ಕೇಳಿ. ಹೌದಾದರೆ ಎರಡು ತುಟಿ ಸೇರುವ ಗೆರೆಯಲ್ಲಿ, ಒಳಗಡೆ ಮಾತ್ರ, ಇಟ್ಟಿಗೆಗೆಂಪು ಇರಲಿ. ಹೊರಗಿನ ಅಂಚಿಗೆ ಬರಬಾರದು.

ಕಣ್ಣಿನ ಬಿಳಿಯನ್ನು ಬೆಳ್ಳಗೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. ಇದ್ದ ಬೂದಿಗೆ ಒಂದು ಎಳೆ ಹಳದಿ ಕೊಟ್ಟು ಕೈ ತೆಗೆಯಿರಿ. ಕೂದಲೂ ಬರೀ ಬೂದು ಅಲ್ಲ. ಅಂಗಳದಲ್ಲಿ ಕೂತವರ ತಲೆಗೆ ಮೇಲಿನಿಂದ ಆಕಾಶದ ಬೆಳಕು ಬೀಳುತ್ತದೆ, ಎಣ್ಣೆಯ ಮಿನುಗಿನಲ್ಲಿ ತೀರಾ ಸಣ್ಣ ನೀಲಿ ಇರುತ್ತದೆ. ಹಾಗೆಯೇ ಕೆಳಗಿನಿಂದ ನೆಲದ ಬೆಳಕು ಗಲ್ಲದ ಅಡಿಗೆ ತಾಗುತ್ತದೆ. ನಿಮ್ಮ ಅಂಗಳ ಮುರಕಲ್ಲಿನ ಕೆಂಪು ಮಣ್ಣಿನದ್ದೇ ಆಗಿದ್ದರೆ ಗಲ್ಲದ ಕೆಳಗೆ ಒಂದು ಸಣ್ಣ ಕಾವಿ ಛಾಯೆ ಕೊಡಿ. ಸಗಣಿ ಸಾರಿಸಿದ ಅಂಗಳವಾದರೆ ಅದು ಬೇಡ.

ಸರಿಯಾಯಿತೋ ಇಲ್ಲವೋ ಎಂದು ನೋಡಲು ನಾನು ಮಾಡುವುದು ಎರಡು ಪರೀಕ್ಷೆ. ಮೊದಲನೆಯದು, ಬಣ್ಣದ ಲೇಯರುಗಳ ಕೆಳಗೆ ಮೂಲ ಫೋಟೋವನ್ನು ಮುಚ್ಚುವ ಹಾಗೆ ಒಂದು ಹದ ಬೂದು ಲೇಯರ್ ತುಂಬಿಸಿ. ಈಗ ಕಾಣುವುದು ಬೆಳಕು ನೆರಳಿಲ್ಲದ ಬರೀ ಬಣ್ಣ. ಮುಖದ ಜಾಗದಲ್ಲಿ ಒಂದೇ ಚಪ್ಪಟೆ ಬಣ್ಣ ಕಂಡರೆ ಕೆಲಸ ಬಾಕಿ ಇದೆ. ಕೆನ್ನೆ, ಹಣೆ, ದವಡೆ ಬೇರೆ ಬೇರೆ ತೇಪೆಯಾಗಿ ಕಂಡರೆ ಸರಿ. ನಿಮ್ಮ ಈಗಿನ ಫೈಲಿನಲ್ಲಿ ಹೀಗೆ ಮಾಡಿ ನೋಡಿದೆ, ಕತ್ತರಿಯಲ್ಲಿ ಕತ್ತರಿಸಿದ ರಟ್ಟಿನ ಹಾಗೆ ಒಂದೇ ತುಂಡು. ಎರಡನೆಯದು, ಫೋಟೋವನ್ನು ಅಂಚೆಚೀಟಿಯಷ್ಟು ಸಣ್ಣದು ಮಾಡಿ ದೂರದಿಂದ ನೋಡಿ. ಮುಖ ಉಳಿದದ್ದಕ್ಕಿಂತ ಮೊದಲು ಕಿತ್ತಳೆಯಾಗಿ ಕಣ್ಣಿಗೆ ಹೊಡೆದರೆ ಮೈಬಣ್ಣದ ಲೇಯರಿನ ಅಪಾಸಿಟಿಯನ್ನು 80ಕ್ಕೆ ಇಳಿಸಿ. ಅನುಮಾನ ಬಂದಲ್ಲಿ ಪಿಕ್ಕರ್ ಇಟ್ಟು ಅಂಕಿ ನೋಡಿ. ಕೆಂಪು ಎಲ್ಲಕ್ಕಿಂತ ದೊಡ್ಡದು, ನೀಲಿ ಎಲ್ಲಕ್ಕಿಂತ ಸಣ್ಣದು, ಹಸಿರು ನಡುವೆ. ಕೆನ್ನೆಯಲ್ಲಿ ನೀಲಿ ಹಸಿರನ್ನು ದಾಟಿದರೆ ಅದು ಪ್ಲಾಸ್ಟಿಕ್ ಗೊಂಬೆಯ ಗುಲಾಬಿ.

ಇಷ್ಟೆಲ್ಲ ಮಾಡಿದರೂ ಇದು ಅಂದಾಜೇ. ಬೂದಿನಲ್ಲಿ ಬಣ್ಣ ಅಡಗಿ ಕೂತಿರುವುದಿಲ್ಲ, ಒಂದೇ ಬೂದು ಹತ್ತು ಬಣ್ಣದಿಂದ ಬರಬಹುದು. ಚರ್ಮಕ್ಕೆ ದೊಡ್ಡಮ್ಮ ಇದ್ದಾರೆ, ಸೀರೆಗೆ ಯಾರೂ ಇಲ್ಲ. ಹಾಗಾಗಿ ಮೂಲ ಸ್ಕ್ಯಾನನ್ನು ಮುಟ್ಟದೆ ಬೇರೆ ಇಡಿ. ಬಣ್ಣದ ಫೈಲಿನ ಹೆಸರಿನಲ್ಲೇ "ಬಣ್ಣ ಅಂದಾಜು" ಎಂದು ಸೇರಿಸಿ.

ದೊಡ್ಡ ಪ್ರಿಂಟಿಗೆ ಕೊಡುವ ಮೊದಲು 4x6 ಅಳತೆಯಲ್ಲಿ ಒಂದು ತೆಗೆಸಿ. ಮಾನಿಟರಿನಲ್ಲಿ ಸರಿ ಕಂಡ ಮೈಬಣ್ಣ ಕಾಗದದಲ್ಲಿ ಒಂದು ಹಿಡಿ ಕಪ್ಪಗೆ, ಕೆಂಪಗೆ ಬರುವುದು ಸಾಮಾನ್ಯ. ಲ್ಯಾಬಿನ ಟ್ಯೂಬ್‌ಲೈಟಿನ ಕೆಳಗೆ ತೀರ್ಮಾನ ಮಾಡಬೇಡಿ. ಮನೆಗೆ ತಂದು, ಹಗಲು ಹೊತ್ತು, ಬಾಗಿಲ ಹತ್ತಿರ ದೊಡ್ಡಮ್ಮನ ಕೈಗೆ ಕೊಡಿ. ಕೊಡುವಾಗ ಅವರ ಕೈ ಮತ್ತು ಫೋಟೋದಲ್ಲಿನ ಕೈ ಅಕ್ಕಪಕ್ಕ ಬರುತ್ತದೆ ಅಲ್ವಾ, ನೀವು ಆ ಎರಡು ಕೈ ನೋಡಿಕೊಳ್ಳಿ.